ಮುಟ್ಟಿಗಿಂತ ಮೊದಲೇ ಎಚ್ಚರಾಗುವ ಅಂಡಾಶಯ



"ಕೂಸು ಇನ್ನೂ ಹಾಲು ಕುಡ್ಯಾಕತ್ತೈತ್ರಿ, ಮುಟ್ಟೂ ಬಂದಿಲ್ಲ. ಬಸಿರು ಹೆಂಗ್ ನಿಲ್ತೈತಿ?" ಬೆಳಗಾವಿ, ಖಾನಾಪುರದ ಕಡೆ ಬಾಣಂತಿಯರ ಬಾಯಲ್ಲಿ ಬರುವ ಮಾತಿದು. ಇದರಲ್ಲಿ ನಿಜವಿದೆ, ಆದರೆ ಆ ನಿಜಕ್ಕೆ ಒಂದು ಗಡುವೂ ಇದೆ.

ಕೂಸು ಮೊಲೆ ಚೀಪಿದಾಗಲೆಲ್ಲ ಆ ಸ್ಪರ್ಶ ನರಗಳ ಮೂಲಕ ತಾಯಿಯ ಮೆದುಳಿಗೆ ಮುಟ್ಟುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಅಂಡಾಶಯಕ್ಕೆ ಬಿಟ್ಟುಬಿಟ್ಟು ಹೋಗಬೇಕಾದ ಆಜ್ಞೆಗಳು ಲಯ ತಪ್ಪುತ್ತವೆ. ಅಂಡ ಬಲಿಯದು, ಮುಟ್ಟು ಬಾರದು. ಹಾಗಾಗಿ ಮುಟ್ಟನ್ನು ತಡೆಯುವುದು ಎದೆಯಲ್ಲಿರುವ ಹಾಲಲ್ಲ, ಕೂಸು ಮತ್ತೆ ಮತ್ತೆ ಚೀಪುವುದು. ಅದರಲ್ಲೂ ರಾತ್ರಿಯ ಚೀಪುವಿಕೆಗೆ ಬಲ ಹೆಚ್ಚು.

1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ ತಜ್ಞರು ಇದನ್ನು ಮೂರು ಷರತ್ತುಗಳಲ್ಲಿ ಹೇಳಿದರು. ಕೂಸಿಗೆ ಆರು ತಿಂಗಳು ತುಂಬಿರಬಾರದು, ಅದಕ್ಕೆ ಹೆಚ್ಚುಕಡಿಮೆ ಎದೆಹಾಲೇ ಆಹಾರವಾಗಿರಬೇಕು, ಮುಟ್ಟು ಮರಳಿರಬಾರದು. ಮೂರೂ ಇದ್ದರೆ ಬಸಿರು ನಿಲ್ಲುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ತಪ್ಪಿದರೂ ಆ ಭರವಸೆ ಇಲ್ಲ. ಹೆರಿಗೆಯಾದ ಮೊದಲ ಎಂಟು ವಾರಗಳ ರಕ್ತಸ್ರಾವವನ್ನು ಮಾತ್ರ, ಪೂರ್ತಿ ಎದೆಹಾಲು ಕೊಡುತ್ತಿರುವವರಲ್ಲಿ, ಮುಟ್ಟೆಂದು ಎಣಿಸುವುದಿಲ್ಲ.

ಈಗ ಖಾನಾಪುರ ತಾಲ್ಲೂಕಿನ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಜನವರಿಯಲ್ಲಿ ಹೆರಿಗೆ. ಬಾಣಂತನ ಮುಗಿಸಿ ತವರಿನಿಂದ ಬಂದಿದ್ದಾಳೆ. ಜುಲೈಯಲ್ಲಿ ಭತ್ತದ ನಾಟಿ ಶುರು, ಕೂಸಿಗೆ ಗಂಜಿಯೂ ಅದೇ ತಿಂಗಳು ಶುರು. ಬೆಳಿಗ್ಗೆ ಹಾಲು ಕುಡಿಸಿ ಗದ್ದೆಗೆ ಹೋದವಳು ಮತ್ತೆ ಕುಡಿಸುವುದು ಮಧ್ಯಾಹ್ನ. ಎರಡು ಗಂಟೆಗೊಮ್ಮೆ ಚೀಪುತ್ತಿದ್ದ ಕೂಸಿಗೆ ಈಗ ಆರು ಗಂಟೆಯ ಅಂತರ. ಆಗಸ್ಟಿನಲ್ಲಿ ಎರಡು ದಿನ ಸ್ವಲ್ಪ ರಕ್ತ ಕಂಡಿತು. ನಾಟಿ ಮುಗಿಯಿತು, ಅವಳು ಮನೆಯಲ್ಲಿ ಉಳಿದಳು. ಕೂಸಿಗೆ ಜ್ವರ ಬಂದು ಗಂಜಿ ಬಿಟ್ಟು ಹಗಲೂ ರಾತ್ರಿ ಮೊಲೆಗೇ ಅಂಟಿಕೊಂಡಿತು. ಐವತ್ತು ದಿನವಾದರೂ ಮುಟ್ಟಿಲ್ಲ. ಆಮೇಲೆ ಬಂದದ್ದು ಜೋರಾಗಿ ಬಂತು, ಅದರ ಮುಂದಿನದು ಇಪ್ಪತ್ತಮೂರನೇ ದಿನಕ್ಕೇ ಬಂತು.

ಇದು ರೋಗವಲ್ಲ. ಮಳೆಗಾಲದ ಕರೆಂಟಿನಂತೆ ಮೆದುಳಿನ ಆಜ್ಞೆ ಬರುತ್ತಿದೆ, ಹೋಗುತ್ತಿದೆ. ಚೀಪುವುದು ಕಡಿಮೆಯಾದಾಗ ಅಂಡ ಬೆಳೆಯಲು ತೊಡಗುತ್ತದೆ, ಹೆಚ್ಚಾದಾಗ ಅರ್ಧಕ್ಕೇ ನಿಲ್ಲುತ್ತದೆ. ಅಂಡ ಬಿಡುಗಡೆಯಾಗದೆಯೂ ಗರ್ಭಕೋಶದ ಒಳಪದರ ಬೆಳೆದು ಕಳಚಬಹುದು, ಆಗ ಸ್ರಾವಕ್ಕೆ ಕಾಲದ ಲೆಕ್ಕವಿಲ್ಲ. ಅಂಡ ಬಿಡುಗಡೆಯಾದರೂ ಮೊದಮೊದಲು ಅದರ ನಂತರದ ಅವಧಿ ಗಿಡ್ಡವಾಗಿರುತ್ತದೆ, ಅದಕ್ಕೇ ಬೇಗ ಮುಟ್ಟು. ಕೂಸು ರಾತ್ರಿಯಿಡೀ ನಿದ್ದೆ ಮಾಡಲು ಕಲಿತರೂ ಸಾಕು, ಲೆಕ್ಕ ಬದಲಾಗುತ್ತದೆ.

ಬೆಳಗಾವಿ ನಗರದ ಕಚೇರಿಗೆ ಹೋಗುವವಳಿಗೂ ಇದೇ ಕತೆ. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ರಜೆ ಮುಗಿಯುವುದೂ ಆ ಆರು ತಿಂಗಳ ಗಡುವು ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಲು ಹಿಂಡಿಟ್ಟು ಹೋದರೆ ಕೂಸಿನ ಹೊಟ್ಟೆಗೇನೋ ಆಯಿತು, ಆದರೆ ಹಿಂಡುವುದು ಚೀಪುವುದಕ್ಕೆ ಪೂರ್ತಿ ಸಮವಲ್ಲ.

ಇಲ್ಲಿ ನಿಜವಾದ ಮೋಸ ಬೇರೆಯೇ ಇದೆ. ಅಂಡ ಬಿಡುಗಡೆಯಾದ ಸುಮಾರು ಎರಡು ವಾರದ ಮೇಲೆ ಮುಟ್ಟು ಬರುತ್ತದೆ. ಕೂಸಿಗೆ ಆರು ತಿಂಗಳು ದಾಟಿದ ಮೇಲಂತೂ ಮೊದಲ ಮುಟ್ಟಿಗೂ ಮುಂಚೆಯೇ ಅಂಡ ಹೊರಬಿದ್ದಿರುವುದು ಹೆಚ್ಚು. ಒಂದೂ ಮುಟ್ಟು ಕಾಣದೆ ಮತ್ತೆ ಬಸಿರಾದವರ ಗುಟ್ಟು ಇಷ್ಟೇ. ಇಂಥ ತಿಂಗಳುಗಳಲ್ಲಿ ದಿನ ಎಣಿಸಿ ಎಚ್ಚರ ವಹಿಸುತ್ತೇವೆಂಬುದು ನನ್ನ ಪ್ರಕಾರ ಬರೀ ಜೂಜು.

ಮುಟ್ಟಾದರೆ ಹಾಲು ಕೆಡುತ್ತದೆ ಎಂದು ಅತ್ತೆ ಹೇಳಿದರೆ ಜಗಳಾಡಬೇಡಿ, ಹಾಲು ಕುಡಿಸುತ್ತಾ ಇರಿ. ಒಂದೆರಡು ದಿನ ಹಾಲು ತುಸು ಇಳಿದಂತೆ, ಮೊಲೆತೊಟ್ಟು ನೋಯುವಂತೆ ಅನ್ನಿಸಬಹುದು, ಅಷ್ಟೇ.

ಗಂಟೆಗೊಂದು ಪ್ಯಾಡು ನೆನೆಯುವಂತಿದ್ದರೆ, ಎಂಟು ದಿನ ದಾಟಿದರೂ ಸ್ರಾವ ನಿಲ್ಲದಿದ್ದರೆ, ಹಾಲು ಪೂರ್ತಿ ಬಿಡಿಸಿ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ ವೈದ್ಯರ ಬಳಿ ಹೋಗಿ. ಅಂತರಾ ಚುಚ್ಚುಮದ್ದು ಪಡೆದಿದ್ದರೆ ಅದನ್ನು ಮೊದಲೇ ಹೇಳಿ, ಅದರಿಂದಲೂ ಮುಟ್ಟು ಏರುಪೇರಾಗುತ್ತದೆ.

ಬಸಿರಿನ ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯ ಬಳಿ ನಿಶ್ಚಯ ಕಿಟ್ ಕೇಳಿ. ಎರಡನೆಯ ಮಗು ಸದ್ಯಕ್ಕೆ ಬೇಡವೆಂದಿದ್ದರೆ ಕೂಸಿಗೆ ಗಂಜಿ ಶುರು ಮಾಡುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಪರ್-ಟಿ, ಛಾಯಾ ಗುಳಿಗೆ, ಕಾಂಡೋಮ್, ಇವುಗಳಲ್ಲಿ ನಿಮಗೊಪ್ಪುವುದು ಯಾವುದೆಂದು ವಿಚಾರಿಸಿ. ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ.