ಹಸಿವನ್ನು ಕೇಳುವ ಎರಡು ಪ್ರಶ್ನೆ

(ಬೆಳಗಾವಿಯ ಶಿವಬಸವ ನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ನರ್ಸಿಂಗ್ ಓದುವವರಿದ್ದೀರಿ, ಸಮಾಜಕಾರ್ಯ ಓದುವವರಿದ್ದೀರಿ. ರಜೆಯಲ್ಲಿ ಖಾನಾಪುರದ ಕಡೆ ನಿಮ್ಮ ನಿಮ್ಮ ಊರಿಗೆ ಹೋಗಿ, ಅಲ್ಲಿ ಯಾರಿಗಾದರೂ ಮೈ ಸರಿಯಿಲ್ಲ ಅಂದರೆ ಆಸ್ಪತ್ರೆಗೆ ಕರಕೊಂಡು ಬರುವವರೂ ಇದ್ದೀರಿ. ಅದಕ್ಕೇ ಈವತ್ತು ಒಂದೇ ಒಂದು ಕೆಲಸದ ಮಾತು ಆಡುತ್ತೇನೆ. ರೋಗಿಯ ಮನೆಯಲ್ಲಿ ಉಣ್ಣಲು ಇದೆಯೊ ಇಲ್ಲವೊ ಅಂತ ಕೇಳುವುದು ಹೇಗೆ, ಕೇಳಿದ್ದನ್ನು ಬರೆಯುವುದು ಹೇಗೆ, ಬರೆದದ್ದು ಕಾಳುಕಡಿಯಾಗಿ ಅವರ ಮನೆ ಮುಟ್ಟುವಂತೆ ನೋಡಿಕೊಳ್ಳುವುದು ಹೇಗೆ.

ಎಲ್ಲ ರೋಗದ ಮಾತು ಬೇಡ, ಕ್ಷಯವನ್ನೇ ತೆಗೆದುಕೊಳ್ಳೋಣ. ಯಾಕೆಂದರೆ ಇಲ್ಲಿ ಹಸಿವಿಗೂ ರೋಗಕ್ಕೂ ಇರುವ ನಂಟನ್ನು ಅಳೆದು ನೋಡಿದ್ದಾರೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯ ರೋಗಿಗಳಿಗೆ ಗುಳಿಗೆಯ ಜೊತೆ ತಿಂಗಳಿಗೆ 10 ಕಿಲೊ ಆಹಾರ ಕೊಟ್ಟರು. ಅರ್ಧದಷ್ಟು ರೋಗಿಗಳ ಮನೆಮಂದಿಗೂ ತಲೆಗೆ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಅಚ್ಚಾಯಿತು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ 39 ಶೇಕಡ ಕಡಿಮೆ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಬಹಳ ಕಡಿಮೆ. ಅಂದರೆ ಕ್ಷಯದ ರೋಗಿಗೆ ಅನ್ನ ಅನ್ನುವುದು ದಾನಧರ್ಮದ ಮಾತಲ್ಲ, ಚಿಕಿತ್ಸೆಯ ಒಂದು ಪಾಲು.

ಆದರೆ ಯಾವ ರೋಗಿಯ ಮನೆಯಲ್ಲಿ ಕಾಳು ತೀರಿದೆ ಅಂತ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಮುಖ ನೋಡಿದರೆ ಗೊತ್ತಾಗೂದಿಲ್ಲ. ‘ಊಟ ಸರಿಯಾಗಿ ಮಾಡ್ತೀಯೇನವ್ವಾ?’ ಅಂದರೆ ನಮ್ಮ ತಾಯಂದಿರು ‘ಹೂಂನ್ರಿ’ ಅಂತಾರೆ, ಮುಗೀತು. ಮೈಮೇಲಿನ ಬಟ್ಟೆ ನೋಡಿ, ಜಾತಿ ನೋಡಿ, ಇವರು ಹಸಿದವರು, ಇವರಲ್ಲ ಅಂತ ತೀರ್ಮಾನ ಮಾಡುವುದು ಇನ್ನೂ ಕೆಟ್ಟದ್ದು. ಅದಕ್ಕೇ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ.

ಅಮೆರಿಕದಲ್ಲಿ ಹದಿನೆಂಟು ಪ್ರಶ್ನೆಯ ಒಂದು ಉದ್ದನೆಯ ಪಟ್ಟಿ ಇತ್ತು. ಆಸ್ಪತ್ರೆಯ ಗದ್ದಲದಲ್ಲಿ ಅಷ್ಟು ಕೇಳಲು ಯಾರಿಗೆ ಪುರಸೊತ್ತು? 2010ರಲ್ಲಿ ಅದರಲ್ಲಿನ ಎರಡೇ ಪ್ರಶ್ನೆ ಹೆಕ್ಕಿ ಪರೀಕ್ಷೆ ಮಾಡಿದರು. ಉದ್ದನೆಯ ಪಟ್ಟಿ ಹಿಡಿದ ನೂರು ಮನೆಗಳಲ್ಲಿ 97 ಮನೆಗಳನ್ನು ಈ ಎರಡೇ ಪ್ರಶ್ನೆ ಹಿಡಿದವು. ಅವನ್ನು ನಮ್ಮ ಕಡೆಯ ಮಾತಿನಲ್ಲಿ ಹೀಗೆ ಕೇಳಬಹುದು.

ಒಂದು: ‘ಹೋದ ಒಂದು ವರ್ಷದಾಗ, ಮನ್ಯಾಗಿನ ಕಾಳುಕಡಿ ತೀರಿ ಹೋಗ್ತೈತಿ, ಮತ್ತ ತರಾಕ ರೊಕ್ಕ ಇರೂದಿಲ್ಲ ಅಂತ ಚಿಂತಿ ಆಗಿತ್ತೇನ್ರಿ?’

ಎರಡು: ‘ಹೋದ ಒಂದು ವರ್ಷದಾಗ, ತಂದ ಕಾಳುಕಡಿ ಸಾಲದ, ಮತ್ತ ತರಾಕ ರೊಕ್ಕ ಇಲ್ಲದಂಗ ಆಗಿತ್ತೇನ್ರಿ?’

ಪ್ರತಿ ಪ್ರಶ್ನೆಗೂ ಮೂರು ಉತ್ತರ: ಮೇಲಿಂದ ಮೇಲೆ, ಒಮ್ಮೊಮ್ಮೆ, ಒಮ್ಮೆಯೂ ಇಲ್ಲ. ಎರಡರಲ್ಲಿ ಒಂದಕ್ಕಾದರೂ ‘ಮೇಲಿಂದ ಮೇಲೆ’ ಅಥವಾ ‘ಒಮ್ಮೊಮ್ಮೆ’ ಬಂದರೆ ಆ ಮನೆಯಲ್ಲಿ ಆಹಾರದ ಭರವಸೆ ಇಲ್ಲ ಅಂತ ಅರ್ಥ. ಮೂರೂ ಉತ್ತರಗಳನ್ನು ಓದಿ ಹೇಳಬೇಕು. ಬರೀ ಹೌದು-ಇಲ್ಲ ಅಂತ ಕೇಳಿದರೆ ‘ಒಮ್ಮೊಮ್ಮೆ’ ಅನ್ನುವವರು ‘ಇಲ್ಲ’ದ ಕಡೆ ಜಾರುತ್ತಾರೆ.

‘ಒಂದು ವರ್ಷ’ ಅನ್ನುವ ಮಾತನ್ನು ಬಿಡಬೇಡಿ. ಖಾನಾಪುರದ ಇಟ್ಟಿಗೆ ಭಟ್ಟಿಗಳ ಕೆಲಸ ಬೇಸಿಗೆಯದು. ಮಳೆ ಹಿಡಿದರೆ ಭಟ್ಟಿ ನಿಂತಿತು, ಕೂಲಿ ನಿಂತಿತು. ಮಾರ್ಚ್ ತಿಂಗಳಲ್ಲಿ ‘ಈಗ ಹೆಂಗೈತ್ರಿ?’ ಅಂದರೆ ‘ಆರಾಮ ಐತ್ರಿ’ ಅನ್ನುವ ಮನೆ ಆಷಾಢದಲ್ಲಿ ಒಂದು ಹೊತ್ತು ಬಿಟ್ಟಿರುತ್ತದೆ. ತಿಂಗಳ ಲೆಕ್ಕ ತಿಳಿಯದವರಿಗೆ ‘ಹೋದ ವರ್ಷದ ಯುಗಾದಿಯಿಂದ ಈ ಯುಗಾದಿ ತನಕ’ ಅಂತ ಹಬ್ಬದ ಲೆಕ್ಕದಲ್ಲಿ ಕೇಳಿ.

ಇನ್ನೊಂದು ತೊಡಕು ಇದೆ. ಇಂಗ್ಲಿಷಿನಲ್ಲಿ ಎರಡನೆಯ ಪ್ರಶ್ನೆ ‘ಕೊಂಡ ಆಹಾರ’ ಅಂತ ಇದೆ. ಹಾಗೆಯೇ ಕೇಳಿದರೆ ‘ನಾವು ಕೊಳ್ಳೂದಿಲ್ರಿ, ರೇಶನ್ ಬರ್ತೈತಿ’ ಅಂತ ಉತ್ತರ ಬಂದು ಪ್ರಶ್ನೆಯೇ ಕೆಡುತ್ತದೆ. ಅದಕ್ಕೆ ‘ತಂದದ್ದು’ ಅನ್ನಿ. ರೇಶನ್ನಿನದು, ಸಂತೆಯದು, ಹೊಲದ್ದು ಎಲ್ಲ ಅದರಲ್ಲಿ ಸೇರಲಿ. ಹೀಗೆ ಮಾತು ಬದಲಿಸಿದ ಮೇಲೆ ಅಮೆರಿಕದ 97ರ ಲೆಕ್ಕ ನಮಗೂ ಹಾಗೆಯೇ ಅನ್ವಯಿಸುತ್ತದೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಮರಾಠಿ ಮಾತಾಡುವವರಿಗೆ ಮರಾಠಿಯಲ್ಲೇ ಕೇಳಿ.

ಈ ಎರಡು ಪ್ರಶ್ನೆ ಮನೆಯ ಲೆಕ್ಕ ಹೇಳುತ್ತವೆ, ಮನೆಯೊಳಗಿನ ಲೆಕ್ಕ ಹೇಳೂದಿಲ್ಲ. ಗಂಡ ಮಕ್ಕಳು ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಹೆಂಗಸು. ಅದಕ್ಕೆ ಮೂರನೆಯದಾಗಿ, ‘ರೊಕ್ಕ ಇಲ್ಲದ್ದಕ್ಕ ನೀವಽ ಒಂದು ಹೊತ್ತು ಊಟ ಬಿಟ್ಟೀರೇನ್ರಿ?’ ಅಂತ ಸೇರಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಎಂಟು ಪ್ರಶ್ನೆಗಳ ಪಟ್ಟಿಯಲ್ಲೂ ಇಂಥದೊಂದು ಪ್ರಶ್ನೆ ಇದೆ.

ಕೇಳುವ ಜಾಗವೂ ಮುಖ್ಯ. ಚೀಟಿಯ ಸಾಲಿನಲ್ಲಿ ನಿಂತವರನ್ನು ಕೇಳಬೇಡಿ, ಅತ್ತೆಯ ಎದುರು ಸೊಸೆಯನ್ನು ಕೇಳಬೇಡಿ. ಬದಿಗೆ ಕೂಡಿಸಿ, ‘ಇದನ್ನ ಎಲ್ಲಾರಿಗೂ ಕೇಳ್ತೀವ್ರಿ, ಹೇಳಾಕ ಮನಸಿಲ್ಲಂದ್ರ ಬಿಡ್ರಿ, ಔಷಧ ಹೆಂಗಿದ್ರೂ ಸಿಗ್ತೈತಿ’ ಅಂತ ಮೊದಲೇ ಹೇಳಿ.

ಈಗ ಒಂದು ಉದಾಹರಣೆ ಕಟ್ಟೋಣ. ಖಾನಾಪುರದ ಕಾಡಂಚಿನ ಊರಿನ ಒಬ್ಬ ತಾಯಿ, ಭಟ್ಟಿಯ ಕೂಲಿ. ಶ್ವಾಸಕೋಶದ ಕ್ಷಯ ಅಂತ ಗೊತ್ತಾಗಿದೆ. ತೂಕ 38 ಕಿಲೊ, ಎತ್ತರ ಒಂದೂವರೆ ಮೀಟರ್. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ 16.9 ಬರುತ್ತದೆ. ದೊಡ್ಡವರಿಗೆ 18.5ಕ್ಕಿಂತ ಕೆಳಗಿದ್ದರೆ ಅದು ಪೋಷಣೆಯ ಕೊರತೆ. ಮನೆಯಲ್ಲಿ ಉಣ್ಣುವವರು ಐವರು. ರೇಶನ್ ಕಾರ್ಡಿನಲ್ಲಿ ಇರುವುದು ನಾಲ್ಕೇ ಹೆಸರು. ಇವಳ ಹೆಸರು ಇನ್ನೂ ತವರುಮನೆಯ ಕಾರ್ಡಿನಲ್ಲಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಲೆಕ್ಕದಲ್ಲಿ ತಲೆಗೆ 5 ಕಿಲೊ ಅಂದರೆ ನಾಲ್ವರಿಗೆ 20 ಕಿಲೊ. ಐವರು ಹಂಚಿಕೊಂಡರೆ ಒಬ್ಬರಿಗೆ 4 ಕಿಲೊ, ದಿನಕ್ಕೆ ಸುಮಾರು 133 ಗ್ರಾಂ. ರಾಜ್ಯ ಸರಕಾರ ಕೊಡುವ ಹೆಚ್ಚಿನ ಪಾಲೂ ಕಾರ್ಡಿನಲ್ಲಿನ ಹೆಸರಿನ ಮೇಲೆಯೇ. ಕಾರ್ಡ್ ಇದೆಯೇ ಅಂತ ಕೇಳಿ ಬಿಟ್ಟಿದ್ದರೆ ಈ ತೂತು ಕಾಣುತ್ತಿರಲಿಲ್ಲ.

ಇದನ್ನು ಹೇಗೆ ಬರೆಯುವುದು? ‘ಬಡವರು, ಊಟ ಸಾಲದು’ ಅಂತ ಬರೆದರೆ ಅದರಿಂದ ಯಾರೂ ಏನೂ ಮಾಡಲಾರರು. ಹೀಗೆ ಬರೆಯಿರಿ:

‘ತಾರೀಖು. ಪ್ರಶ್ನೆ 1: ಮೇಲಿಂದ ಮೇಲೆ. ಪ್ರಶ್ನೆ 2: ಒಮ್ಮೊಮ್ಮೆ, ಮಳೆಗಾಲದಲ್ಲಿ. ಊಟ ಬಿಟ್ಟದ್ದು: ಹೌದು. ತೂಕ 38, ಎತ್ತರ 150. ಉಣ್ಣುವವರು 5, ಕಾರ್ಡಿನಲ್ಲಿ 4, ರೋಗಿಯ ಹೆಸರು ಇಲ್ಲ. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆ ಆಗಿಲ್ಲ. ಆಹಾರದ ನೆರವಿಗೆ ಹೆಸರು ಕೊಡಲು ಒಪ್ಪಿದ್ದಾರೆ. ಕಳಿಸಿದ್ದು ಎಲ್ಲಿಗೆ, ಹೊಣೆ ಯಾರದು, ಮತ್ತೆ ನೋಡುವ ದಿನ ಯಾವುದು.’

ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಸಾಕಷ್ಟು ಆಹಾರ ಇಲ್ಲ ಅನ್ನುವುದಕ್ಕೆ Z59.4 ಅಂತ ಸಂಕೇತ ಇದೆ. ಡಾಕ್ಟರು ಅದನ್ನೂ ಕೇಸ್ ಪೇಪರಿನಲ್ಲಿ ಬರೆದರೆ, ವರ್ಷದ ಕೊನೆಗೆ ಇಂಥ ರೋಗಿಗಳು ಎಷ್ಟು ಜನ ಅಂತ ಎಣಿಸಬಹುದು. ಎಣಿಕೆಗೆ ಬಾರದ ಹಸಿವನ್ನು ಕಚೇರಿಯವರು ‘ನಮ್ಮ ತಾಲೂಕಿನಲ್ಲಿ ಅಂಥಾದ್ದು ಇಲ್ಲ’ ಅಂತ ಒಂದೇ ಮಾತಿನಲ್ಲಿ ಅಳಿಸಿಬಿಡುತ್ತಾರೆ.

ಬರೆದಾಯಿತು, ಈಗ ಜೋಡಿಸಬೇಕು. ಈ ತಾಯಿಗೆ ಮೂರು ದಾರಿ ಇವೆ. ಒಂದು, ನಿಕ್ಷಯ್ ಪೋಷಣ್ ಯೋಜನೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾದದ್ದು 2024ರ ನವೆಂಬರಿನಿಂದ 1,000 ಆಗಿದೆ. ಆರು ತಿಂಗಳ ಚಿಕಿತ್ಸೆಗೆ 3,000ದಂತೆ ಎರಡು ಕಂತು: ಮೊದಲನೆಯದು ರೋಗ ಗೊತ್ತಾದಾಗ, ಎರಡನೆಯದು 84 ದಿನದ ಚಿಕಿತ್ಸೆ ಆದ ಮೇಲೆ. ಹಣ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ ಖಾತೆ ಕೆಟ್ಟಿದ್ದರೆ ಎಲ್ಲವೂ ಅಲ್ಲಿಯೇ ನಿಲ್ಲುತ್ತದೆ. ಎರಡು, 2022ರ ಸೆಪ್ಟೆಂಬರಿನಲ್ಲಿ ಶುರುವಾದ ನಿಕ್ಷಯ್ ಮಿತ್ರ. ಯಾರಾದರೂ ವ್ಯಕ್ತಿ, ಸಂಘ, ಕಂಪನಿ ರೋಗಿಯ ಹೊಣೆ ಹೊತ್ತು ಆಹಾರದ ಕಿಟ್ ಕೊಡುವುದು ಇದು. ರೋಗಿ ಒಪ್ಪಬೇಕು, ಕೊಡುವವರು ಸಿಗಬೇಕು, ಸಿಗದಿದ್ದರೆ ಇಲ್ಲ. ಮೂರು, ರೇಶನ್ ಕಾರ್ಡಿಗೆ ಹೆಸರು ಸೇರಿಸುವುದು. ಇದು ನಿಧಾನ, ಆದರೆ ಆರು ತಿಂಗಳಿಗೆ ಮುಗಿದುಹೋಗದ ದಾರಿ ಇದೊಂದೇ. ಮೊದಲು ತವರಿನ ಕಾರ್ಡಿನಿಂದ ಹೆಸರು ತೆಗೆಸಬೇಕು, ಆಮೇಲೆ ಇಲ್ಲಿ ಸೇರಿಸಬೇಕು. ಅರ್ಜಿ ಅಲುಗದಿದ್ದರೆ ಅದೇ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ತಾರೀಖು ಹಾಕಿ ಬರೆದ ಕಾಗದ ಆಗ ಕೈಯಲ್ಲಿರುವ ಸಾಕ್ಷಿ.

ಇಲ್ಲಿ ಕೆಲಸ ಎಲ್ಲಿ ಕೆಡುತ್ತದೆ ಅಂತಲೂ ತಿಳಿದಿರಿ. ಚೀಟಿ ಬರೆದುಕೊಟ್ಟು ‘ಹೋಗ್ರಿ ಅಲ್ಲಿಗೆ’ ಅಂದರೆ ಆ ತಾಯಿ ಹೋಗುವುದಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಯಾರು ಕೊಡಬೇಕು? ಆಶಾ ಕಾರ್ಯಕರ್ತೆಗೋ ಕ್ಷಯ ವಿಭಾಗದ ಸಿಬ್ಬಂದಿಗೋ ಅಲ್ಲೇ ಫೋನು ಮಾಡಿ, ಯಾರ ಜೊತೆ ಮಾತಾಡಿದಿರಿ ಅಂತ ಬರೆಯಿರಿ. ಕಿಟ್ ಕೊಡುವಾಗ ಊರ ನಡುವೆ ಕರೆದು ಫೋಟೊ ತೆಗೆದರೆ ‘ಇವಳಿಗೆ ಟಿಬಿ’ ಅಂತ ಡಂಗುರ ಸಾರಿದಂತೆಯೇ. ಮೊದಲೇ ನಮ್ಮ ಕೇರಿಯನ್ನು ದೂರ ಇಟ್ಟ ಊರು ಅದು. ಆ ತಾಯಿ ಮುಂದಿನ ತಿಂಗಳು ಕಿಟ್ಟೂ ಬೇಡ, ಗುಳಿಗೆಯೂ ಬೇಡ ಅಂದಾಳು. ಫೋಟೊ ಬೇಡ ಅನ್ನುವುದನ್ನೂ ಕಾಗದದಲ್ಲಿ ಬರೆಯಿರಿ.

ಎರಡು ತಿಂಗಳಿಗೆ ಮತ್ತೆ ಕೂಡಿಸಿ ಕೇಳಿ, ತೂಗಿ. 38 ಕಿಲೊದ ಮೇಲೆ ಶೇಕಡ 5 ಅಂದರೆ ಹತ್ತಿರ ಹತ್ತಿರ 2 ಕಿಲೊ. ತೂಕದ ಕಲ್ಲು 40 ತೋರಿಸಿದರೆ ಅನ್ನ ಮನೆ ಮುಟ್ಟಿ ಇವಳ ಹೊಟ್ಟೆಗೂ ಸೇರಿದೆ ಅಂತ ನಂಬಬಹುದು. 38ರಲ್ಲೇ ನಿಂತಿದ್ದರೆ ಎರಡು ಕಡೆ ನೋಡಬೇಕು. ಹಣ ಬಂತೆ, ಕಿಟ್ ಬಂತೆ, ಬಂದದ್ದನ್ನು ಯಾರು ಉಂಡರು ಅಂತ ಒಂದು ಕಡೆ. ಔಷಧಕ್ಕೆ ಬಗ್ಗದ ಕ್ಷಯವೊ, ಸಕ್ಕರೆ ಕಾಯಿಲೆಯೊ ಇದೆಯೆ ಅಂತ ಡಾಕ್ಟರು ನೋಡಬೇಕಾದದ್ದು ಇನ್ನೊಂದು ಕಡೆ. ತೂಕ ಏರದ್ದಕ್ಕೆಲ್ಲ ಹಸಿವೇ ಕಾರಣ ಅಂತ ನಾವೇ ತೀರ್ಮಾನ ಮಾಡಬಾರದು. ಮನೆಯ ಮಕ್ಕಳಿಗೂ ಕ್ಷಯದ ತಪಾಸಣೆ ಆಗಿದೆಯೆ ಅಂತ ಅದೇ ಹಾಳೆಯಲ್ಲಿ ಗುರುತು ಹಾಕಿ. ಅವರು ಉಣ್ಣುವುದೂ ಅದೇ ಗಡಿಗೆಯಲ್ಲಿ.

ಹಾಳೆಯ ಕೊನೆಯ ಸಾಲು ಯಾವಾಗಲೂ ‘ಕಳಿಸಿದೆ’ ಅಂತ ಇರಬಾರದು. ‘ತಲುಪಿದೆ’ ಅಂತಲೊ, ‘ತಲುಪಿಲ್ಲ, ಕಾರಣ ಇದು’ ಅಂತಲೊ ಇರಬೇಕು. ಆ ಸಾಲು ಬರೆಯುವ ತನಕ ನೀವು ಕೇಳಿದ ಪ್ರಶ್ನೆ ಮುಗಿದಿಲ್ಲ.