ಕದ್ರ್ ರಾತ್ರಿಯನ್ನು ಹೇಗೆ ಹಂಚಿಕೊಳ್ಳೋಣ?

(ಗುಂಜಹಳ್ಳಿ: ಜುಮಾ ಪ್ರವಚನದ ಸಾರ)

ಸಹೋದರರೇ, ರಮಝಾನಿನ ಇಪ್ಪತ್ತೇಳನೆಯ ರಾತ್ರಿ ನಮ್ಮ ಮಸೀದಿ ತುಂಬುತ್ತದೆ. ಆದರೆ ಚಹಾ, ಮಾತಿನಲ್ಲೇ ರಾತ್ರಿ ಕಳೆದು, ಸಹರಿ ಉಂಡು ಮಲಗಿ, ನಾವು ಫಜ್ರ್ ಜಮಾಅತ್ ತಪ್ಪಿಸಿಕೊಂಡದ್ದೂ ಉಂಟು. ಇಶಾ ಮತ್ತು ಫಜ್ರ್ ಎರಡನ್ನೂ ಜಮಾಅತ್ತಿನಲ್ಲಿ ನಿರ್ವಹಿಸಿದವರಿಗೆ ಇಡೀ ರಾತ್ರಿ ನಮಾಝ್ ಮಾಡಿದ ಪ್ರತಿಫಲವಿದೆಯೆಂಬ ಪ್ರವಾದಿಯವರ(ಸ) ಮಾತು ಸಹೀಹ್ ಮುಸ್ಲಿಮ್‌ನಲ್ಲಿದೆ. ಮೊದಲು ಈ ಎರಡು ಫರ್ಝ್‌ಗಳು ಭದ್ರವಾಗಲಿ; ಉಳಿದದ್ದು ಅವುಗಳ ನಡುವೆ.

ದುಡಿದು ದಣಿದವರು ತರಾವೀಹ್ ಮುಗಿಸಿ ಎರಡು ತಾಸು ಮಲಗಲಿ. ಮಗ್ರಿಬ್ 6.30ಕ್ಕೆ, ಫಜ್ರ್ 5.15ಕ್ಕೆ ಎಂದುಕೊಳ್ಳಿ. ರಾತ್ರಿ 10 ತಾಸು 45 ನಿಮಿಷ. ಮೂರು ಪಾಲು ಮಾಡಿದರೆ ಕೊನೆಯ ಪಾಲು 1.40ಕ್ಕೆ ಶುರು. ದುಆ ಸ್ವೀಕಾರದ ಹೊತ್ತು ಅದೇ. ಎದ್ದು ವುಝೂ ಮಾಡಿ ಎರಡೆರಡು ರಕಅತ್ ತಹಜ್ಜುದ್, ಆಮೇಲೆ ಕುರ್‌ಆನ್ ಪಠಣ. ತೂಕಡಿಸಿ ನಾಲಿಗೆ ತಡವರಿಸಿದರೆ ನಿಲ್ಲಿಸಿ ತುಸು ಮಲಗಬೇಕು, ಹಟ ಬೇಡ. ತರಾವೀಹ್ ಜೊತೆ ವಿತ್ರ್ ಆಗಿದ್ದರೆ ಮತ್ತೆ ಮಾಡುವಂತಿಲ್ಲ. ಒಂದು ರಾತ್ರಿಗೆ ಎರಡು ವಿತ್ರ್ ಇಲ್ಲ.

ನಾಲ್ಕಕ್ಕೆ, ಆಯಿಶಾ(ರ)ರಿಗೆ ಪ್ರವಾದಿ(ಸ) ಕಲಿಸಿದ ಕ್ಷಮಾಯಾಚನೆಯ ದುಆ. 4.30ಕ್ಕೆ ಸಹರಿ. ಅಡುಗೆಯನ್ನು ಸಂಜೆಯೇ ಮುಗಿಸಿ ಗಂಡಸರೂ ಕೈಜೋಡಿಸಿದರೆ ಮನೆಯ ಹೆಣ್ಣುಮಕ್ಕಳಿಗೂ ಈ ರಾತ್ರಿ ಸಿಗುತ್ತದೆ. ಫಜ್ರ್ ಮುಗಿಯುವವರೆಗೆ ಯಾರೂ ಹಾಸಿಗೆ ಹಿಡಿಯುವುದು ಬೇಡ.

ಕದ್ರ್ ಇಪ್ಪತ್ತೇಳರಂದೇ ಎಂಬ ಖಚಿತವಿಲ್ಲ. ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ ಹುಡುಕಲು ಹೇಳಲಾಗಿದೆ. ಹೀಗೆ ಹಂಚಿಕೊಂಡರೆ ಆ ಐದೂ ರಾತ್ರಿ ನಮ್ಮಿಂದಾದೀತು. ಅಲ್ಲಾಹನು ಸ್ವೀಕರಿಸಲಿ, ಆಮೀನ್.