ಕಟ್ಟಿದ ದುಡ್ಡು ಆ್ಯಪ್‌ನಲ್ಲಿ ಯಾಕೆ ಕಾಣಲ್ಲ?

ಇವತ್ತಿನ ಕಥೆ ಒಂದು ಗೇಟ್‌ನಿಂದ ಶುರುವಾಗುತ್ತೆ. ಬೆಂಗಳೂರು, ತುಮಕೂರು ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್. ಗೇಟ್ ಮುಂದೆ ತಿಪಟೂರಿನಿಂದ ಬಂದ ನಮ್ಮ ಸೋದರಮಾವ, ಕೈಯಲ್ಲಿ ಇಪ್ಪತ್ತು ತೆಂಗಿನಕಾಯಿ ಇರೋ ಚೀಲ. ಒಳಗಿರೋ ಫ್ಲ್ಯಾಟ್ ಅವರದ್ದೇ. ಆದ್ರೆ ಸೆಕ್ಯುರಿಟಿಯವರು ಬಿಡ್ತಿಲ್ಲ. "ರೆಸಿಡೆಂಟ್ ಅಪ್ರೂವ್ ಮಾಡ್ಬೇಕು ಸಾರ್" ಅಂತಾರೆ. ರೆಸಿಡೆಂಟ್ ಅಂದ್ರೆ ಮಾವನ ಬಾಡಿಗೆದಾರ. ಅವನು ಆಫೀಸ್ ಮೀಟಿಂಗ್‌ನಲ್ಲಿದ್ದಾನೆ. ಫೋನ್‌ಗೆ ನೋಟಿಫಿಕೇಶನ್ ಹೋಯ್ತು, ಆಮೇಲೆ ಆಟೊಮ್ಯಾಟಿಕ್ ಕಾಲ್ ಹೋಯ್ತು, ಎರಡನ್ನೂ ಅವನು ನೋಡ್ಲಿಲ್ಲ. ಅರ್ಧ ಗಂಟೆ ಮಾವ ಬಿಸಿಲಲ್ಲಿ ನಿಂತ್ರು.

"ನನ್ ಮನೆಗೆ ಹೋಗೋಕೆ ಇನ್ನೊಬ್ಬರ ಪರ್ಮಿಶನ್ ಬೇಕೇನಪ್ಪಾ?" ಅಂತ ಸಂಜೆ ನನ್ನ ಹತ್ರ ಬೈದ್ರು. ನಾನು ಹೇಳ್ದೆ, "ಹೌದು ಮಾವ, ಇದ್ರಲ್ಲಿ ಆ್ಯಪ್ ತಪ್ಪು ಮಾಡಿಲ್ಲ." ಬಾಡಿಗೆಗೆ ಕೊಟ್ಟ ಮೇಲೆ ಅಲ್ಲಿ ವಾಸ ಇರೋದು ಬಾಡಿಗೆದಾರ. ಮೈಗೇಟ್, ನೋಬ್ರೋಕರ್‌ಹುಡ್, ಅಡ್ಡಾ, ಇಂಥ ಆ್ಯಪ್‌ಗಳಲ್ಲಿ ಓನರ್ ಬೇರೆ, ಟೆನೆಂಟ್ ಬೇರೆ. ಯಾರು ಒಳಗೆ ಬರ್ಬೇಕು ಅಂತ ಹೇಳೋದು ಅಲ್ಲಿ ವಾಸ ಇರೋರು. ಹೊರಡೋ ಮುಂಚೆ ಆ ಹುಡುಗನಿಗೆ ಒಂದು ಮಾತು ಹೇಳಿ ಪ್ರೀ-ಅಪ್ರೂವಲ್ ಕೋಡ್ ತರಿಸ್ಕೊಂಡಿದ್ರೆ ಎರಡು ನಿಮಿಷದ ಕೆಲಸ.

ಆದ್ರೆ ಮಾವ ಬೆಂಗಳೂರಿಗೆ ಬಂದಿದ್ದೇ ಬೇರೆ ಕಾರಣಕ್ಕೆ, ಮತ್ತು ಅಲ್ಲಿ ಆಗಿದ್ದು ನಿಜಕ್ಕೂ ತಪ್ಪು. ಆ ಹುಡುಗ ಫೋನ್ ಮಾಡಿ ಹೇಳಿದ್ದ: "ಅಂಕಲ್, ಪ್ರತಿ ತಿಂಗಳು ಮೇಂಟೆನೆನ್ಸ್ ಕಟ್ತಾ ಇದೀನಿ. ಆದ್ರೂ ಆ್ಯಪ್‌ನಲ್ಲಿ ಡಿಫಾಲ್ಟರ್ ಅಂತ ತೋರಿಸ್ತಿದೆ. ಕ್ಲಬ್‌ಹೌಸ್ ಬುಕಿಂಗ್ ನಿಲ್ಸಿದ್ದಾರೆ. ಸರಿ ಆಗ್ಲಿಲ್ಲ ಅಂದ್ರೆ ನಾನು ಖಾಲಿ ಮಾಡ್ತೀನಿ." ಬಾಕಿ ಎಷ್ಟು ಅಂದ್ರೆ 10,104 ರೂಪಾಯಿ.

ನಾನು ಬಿಕಾಂ ಓದಿದ್ದು ಅವತ್ತು ಕೆಲಸಕ್ಕೆ ಬಂತು. ಆ್ಯಪ್‌ನಲ್ಲಿ ಮುಖಪುಟದಲ್ಲಿ ಕಾಣೋ ಕೆಂಪು ಅಂಕಿ ಬಿಟ್ಟು, ಒಳಗಡೆ ಇರೋ ಲೆಡ್ಜರ್ ಡೌನ್‌ಲೋಡ್ ಮಾಡ್ಕೊಂಡೆ. ಬನ್ನಿ, ಒಟ್ಟಿಗೆ ನೋಡೋಣ.

ಫ್ಲ್ಯಾಟ್ 1,200 ಚದರಡಿ. ಚದರಡಿಗೆ 4 ರೂಪಾಯಿ, ಅಂದ್ರೆ ತಿಂಗಳಿಗೆ 4,800. ಪ್ರತಿ ತಿಂಗಳು ಒಂದನೇ ತಾರೀಖು ಬಿಲ್, ಹತ್ತನೇ ತಾರೀಖಿನ ಒಳಗೆ ಕಟ್ಟಬೇಕು. ಕಟ್ಟದೇ ಇದ್ರೆ ಮುಂದಿನ ಬಿಲ್‌ನಲ್ಲಿ ಬಾಕಿ ಅಸಲಿನ ಮೇಲೆ ನೂರಕ್ಕೆ ಒಂದೂವರೆ ಬಡ್ಡಿ. ಇದು ಆ ಅಸೋಸಿಯೇಶನ್‌ನ ನಿಯಮ.

ಹಳೇ ಬಾಡಿಗೆದಾರರು ನವೆಂಬರ್ ಕೊನೆಗೆ ಖಾಲಿ ಮಾಡಿದ್ರು. ಡಿಸೆಂಬರ್, ಜನವರಿ ಮನೆ ಖಾಲಿ, ಆ ಎರಡು ತಿಂಗಳ ಜವಾಬ್ದಾರಿ ಮಾವನದ್ದು. ಡಿಸೆಂಬರ್ ಕಟ್ಟೋದು ಮರೆತ್ರು, ಹಾಗಾಗಿ ಜನವರಿ ಬಿಲ್‌ನಲ್ಲಿ 72 ರೂಪಾಯಿ ಬಡ್ಡಿ ಬಿತ್ತು. ಇದು ನ್ಯಾಯವಾದ ಬಡ್ಡಿ. ಜನವರಿ 5ಕ್ಕೆ ತಿಪಟೂರಿನ ಬ್ಯಾಂಕಿಗೆ ಹೋಗಿ 9,600 ರೂಪಾಯಿ ನೆಫ್ಟ್ ಮಾಡಿದ್ರು. ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ಯಾಕಂದ್ರೆ ದುಡ್ಡು ಹೋಗಿದ್ದು ನಮ್ಮ ಅತ್ತೆ ಖಾತೆಯಿಂದ. ಫ್ಲ್ಯಾಟ್ ಇರೋದು ಮಾವನ ಹೆಸರಲ್ಲಿ. ರಿಮಾರ್ಕ್ಸ್ ಜಾಗದಲ್ಲಿ ಫ್ಲ್ಯಾಟ್ ನಂಬರ್ ಬರೆದಿರಲಿಲ್ಲ. ಅಸೋಸಿಯೇಶನ್ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗುರುತಿಲ್ಲದ ಹೆಸರು, 9,600 ರೂಪಾಯಿ, ಅಷ್ಟೇ. ಖಜಾಂಚಿ ಅದನ್ನ ಸಸ್ಪೆನ್ಸ್ ಅಕೌಂಟ್‌ಗೆ, ಅಂದ್ರೆ ಅಮಾನತು ಖಾತೆಗೆ ಹಾಕಿದ್ರು. ದುಡ್ಡು ಬಂದಿದೆ, ಯಾರದು ಗೊತ್ತಿಲ್ಲ ಅಂತ ಅರ್ಥ. ಆ್ಯಪ್ ಒಳಗಿಂದ ಕಟ್ಟಿದ್ರೆ ಫ್ಲ್ಯಾಟ್ ಯಾವುದು ಅಂತ ಆ್ಯಪ್‌ಗೆ ತಾನಾಗೇ ಗೊತ್ತಾಗುತ್ತೆ. ಹೊರಗಿಂದ ನೇರ ಬ್ಯಾಂಕಿಗೆ ಹಾಕಿದ್ರೆ ಯಾರಾದ್ರೂ ಕೂತು ಹೊಂದಿಸಬೇಕು.

ಫೆಬ್ರವರಿಯಲ್ಲಿ ಹೊಸ ಹುಡುಗ ಬಂದ. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೂರೂ ತಿಂಗಳು ನಾಲ್ಕನೇ ತಾರೀಖಿಗೇ ಆ್ಯಪ್‌ನಲ್ಲಿ 4,800 ಕಟ್ಟಿದ. ಆದ್ರೆ ಆ್ಯಪ್ ಹೊಸ ದುಡ್ಡನ್ನ ಮೊದಲು ಹಳೇ ಬಾಕಿಗೆ ಜಮಾ ಮಾಡುತ್ತೆ. ಅವನ ಫೆಬ್ರವರಿ ದುಡ್ಡು ಡಿಸೆಂಬರ್ ಬಿಲ್‌ಗೆ ಹೋಯ್ತು, ಮಾರ್ಚ್ ದುಡ್ಡು ಜನವರಿಗೆ, ಏಪ್ರಿಲ್ ದುಡ್ಡು ಫೆಬ್ರವರಿಗೆ. ಕೊನೆಗೆ ಮಾರ್ಚ್ ಮತ್ತು ಏಪ್ರಿಲ್ ಬಾಕಿ ಅಂತ ಅವನ ಫೋನ್‌ನಲ್ಲಿ ಕೆಂಪಾಗಿ ಕೂತಿತ್ತು. ಪ್ರತಿ ತಿಂಗಳೂ 9,600 ಅಸಲು ಬಾಕಿ ಉಳಿತಿದ್ದರಿಂದ 144 ರೂಪಾಯಿ ಬಡ್ಡಿ. ಮೂರು ತಿಂಗಳಿಗೆ 432, ಮೊದಲಿನ 72 ಸೇರಿ 504. ಒಟ್ಟು 10,104.

ಮಾವನಿಗೆ ಇದನ್ನ ಹೇಳಿದಾಗ ಅವರು ತಕ್ಷಣ ಹಿಡ್ಕೊಂಡ್ರು. "ಮಂಡಿಯಲ್ಲೂ ಹಂಗೇ ಅಲ್ವೇನಪ್ಪಾ. ಕೊಬ್ಬರಿ ಹಾಕಿದ್ರೆ ಮೊದ್ಲು ಹಳೇ ಮುಂಗಡ ಮುರ್ಕೊಂಡೇ ಪಟ್ಟಿ ಬರೆಯೋದು. ಆದ್ರೆ ಅಲ್ಲಿ ಗುಮಾಸ್ತನಿಗೆ ನನ್ ಮುಖ ಗೊತ್ತು." ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗಲ್ಲ. ಆ್ಯಪ್‌ಗೆ ಮುಖ ಗೊತ್ತಿಲ್ಲ.

ಇನ್ನು ಸರಿ ಮಾಡಿದ್ದು ಹೇಗೆ? ಮೊದಲು ಬ್ಯಾಂಕ್‌ನಿಂದ ಯುಟಿಆರ್ ನಂಬರ್ ತಗೊಂಡ್ವಿ. ನೆಫ್ಟ್ ಆದ್ರೆ ಇದು 16 ಅಕ್ಷರ-ಅಂಕಿಗಳದ್ದು, ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತೆ. ಆಮೇಲೆ ಆ್ಯಪ್‌ನ ಕಂಪ್ಲೇಂಟ್ ವಿಭಾಗದಲ್ಲಿ, ಪ್ಲಂಬರ್, ಲಿಫ್ಟ್ ಇರೋ ಕಡೆ ಅಲ್ಲ, ಅಕೌಂಟ್ಸ್ ಅಂತ ಇರೋ ಕಡೆ ದೂರು ಹಾಕಿದ್ವಿ. ಫ್ಲ್ಯಾಟ್ ನಂಬರ್, ಮೊತ್ತ, ತಾರೀಖು, ಯುಟಿಆರ್, ದುಡ್ಡು ಯಾರ ಖಾತೆಯಿಂದ ಹೋಗಿದೆ ಅನ್ನೋದು, ಸ್ಟೇಟ್‌ಮೆಂಟ್‌ನ ಫೋಟೋ, ಇಷ್ಟೂ ಹಾಕಿದ್ವಿ.

ಎರಡು ದಿನಕ್ಕೆ "ರಿಸಾಲ್ವ್ಡ್" ಅಂತ ಬಂತು. ಲೆಡ್ಜರ್ ತೆಗೆದ್ರೆ 9,600 ಜಮಾ ಆಗಿದೆ, ಆದ್ರೂ 504 ಬಾಕಿ. ಇಲ್ಲೇ ತುಂಬಾ ಜನ ಬೇಜಾರಾಗಿ ಕಟ್ಟಿಬಿಡ್ತಾರೆ. ಕಾರಣ ಇಷ್ಟೇ: ರಸೀದಿಯನ್ನ ಅವರು ನಮೂದು ಮಾಡಿದ ದಿನದ ತಾರೀಖಿಗೆ ಹಾಕಿದ್ರು. ಹಾಕಬೇಕಿದ್ದು ಬ್ಯಾಂಕಿಗೆ ದುಡ್ಡು ಬಂದ ದಿನ, ಜನವರಿ 5. ದೂರನ್ನ ಮತ್ತೆ ಓಪನ್ ಮಾಡಿ ಎರಡು ವಿಷಯ ಕೇಳಿದ್ವಿ: ರಸೀದಿ ತಾರೀಖು ಸರಿ ಮಾಡಿ, ಆಮೇಲೆ ಬಿದ್ದ 432 ರೂಪಾಯಿ ಬಡ್ಡಿ ವಾಪಸ್ ಮಾಡಿ. ಮಾಡಿದ್ರು. ಉಳಿದಿದ್ದು 72 ರೂಪಾಯಿ. ಅದನ್ನ ಮಾವ ಅಲ್ಲೇ ಕಟ್ಟಿದ್ರು. ಕ್ಲಬ್‌ಹೌಸ್ ಬುಕಿಂಗ್ ಓಪನ್ ಆಯ್ತು, ಹುಡುಗನೂ ಅಲ್ಲೇ ಉಳ್ಕೊಂಡ.

ಬಾಡಿಗೆದಾರ ಕಟ್ತಾನೆ ಅಂತ ಅಗ್ರಿಮೆಂಟ್‌ನಲ್ಲಿ ಇದ್ರೂ, ಅಸೋಸಿಯೇಶನ್ ಲೆಕ್ಕದಲ್ಲಿ ಬಾಕಿ ಓನರ್‌ದೇ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಕೆಳಗೆ ಬರೋ ಕಡೆ, ಕಟ್ಟದ ಸಾಮಾನ್ಯ ಖರ್ಚು ಆ ಫ್ಲ್ಯಾಟ್ ಮೇಲೇ ಹೊರೆಯಾಗಿ ಕೂರುತ್ತೆ. ನಾಳೆ ಮಾರೋಕೆ ಹೋದ್ರೆ ಕೊಳ್ಳೋರು ಬಾಕಿ ಇಲ್ಲ ಅನ್ನೋ ಪತ್ರ ಕೇಳ್ತಾರೆ. ಆಗ ಐದು ವರ್ಷದ ಹಿಂದಿನ ನೆಫ್ಟ್ ಹುಡುಕೋದು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದ ದುಡ್ಡಲ್ಲಿ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಕೊಟ್ಟಿರೋ ಅಪ್ಪ, ಮಾವ, ದೊಡ್ಡಪ್ಪ ನಿಮ್ಮ ಮನೇಲೂ ಇರಬಹುದು. ಈ ವಾರ ಅವರ ಫೋನ್ ಇಸ್ಕೊಳ್ಳಿ. ಓನರ್ ಅಂತ ಅವರ ಈಗಿನ ನಂಬರೇ ಇದೆಯಾ, ಬಿಲ್ ಅವರಿಗೂ ಬರ್ತಿದೆಯಾ, ಖಾಲಿ ಮಾಡಿದ ಬಾಡಿಗೆದಾರರ ಹೆಸರು ತೆಗೆದಿದ್ದಾರಾ ನೋಡಿ. ಅದು ಉಳಿದಿದ್ರೆ ಗೇಟ್‌ನ ಕಾಲ್ ಇನ್ನೂ ಅವರಿಗೇ ಹೋಗ್ತಿರುತ್ತೆ. ಕೆಲವು ಆ್ಯಪ್‌ಗಳಲ್ಲಿ ಪ್ರತಿ ಫ್ಲ್ಯಾಟ್‌ಗೂ ಬೇರೆ ವರ್ಚುವಲ್ ಅಕೌಂಟ್ ನಂಬರ್ ಇರುತ್ತೆ. ಬ್ಯಾಂಕಿಗೆ ಹೋಗೇ ಕಟ್ಟೋರಿಗೆ ಅದನ್ನ ಬರೆದು ಕೊಡಿ. ಹೆಸರು ಯಾರದೇ ಇರ್ಲಿ, ದುಡ್ಡು ಸರಿಯಾದ ಫ್ಲ್ಯಾಟ್‌ಗೆ ಸೇರುತ್ತೆ.

ಅಂದ ಹಾಗೆ, ಆ ಇಪ್ಪತ್ತು ಕಾಯಿ? ಹತ್ತು ಬಾಡಿಗೆದಾರನಿಗೆ, ಹತ್ತು ಖಜಾಂಚಿ ಮನೆಗೆ. ಈಗ ಅವರಿಗೂ ಮಾವನ ಮುಖ ಗೊತ್ತು.